ಡಾಲರನ್ನು ಚೀಲದಿಂದ ಅಳೆಯೋಣ

ಕೇಳುಗರೆಲ್ಲರಿಗೂ ನಮಸ್ಕಾರ.

ಮದುವೆ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. "ಹುಡುಗ ಅಮೆರಿಕದಲ್ಲಿದ್ದಾನೆ, ತಿಂಗಳಿಗೆ ಇಷ್ಟು ಡಾಲರ್." ಹೇಳಿ ಮುಗಿಸುವಷ್ಟರಲ್ಲಿ ಪಕ್ಕದಲ್ಲಿ ಕೂತವರು ಮನಸ್ಸಿನಲ್ಲೇ ಗುಣಿಸಿರುತ್ತಾರೆ. ದಯವಿಟ್ಟು ಹಾಗೆ ಗುಣಿಸಬೇಡಿ. ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನು ನಾನು, ಈ ಗುಣಾಕಾರ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಡಾಲರನ್ನು ಬ್ಯಾಂಕಿನ ದರದಿಂದ ಅಳೆಯಬೇಡಿ, ಚೀಲದಿಂದ ಅಳೆಯಿರಿ. ಇವತ್ತು ನಾನು ಹೇಳಬೇಕಾದದ್ದು ಇದೊಂದೇ.

ಚೀಲ ಅಂದರೆ ಸಂತೆಗೆ ಒಯ್ಯುವ ಚೀಲ. ಅದೇ ಸಾಮಾನು, ಅಷ್ಟೇ ಸಾಮಾನು ಇಲ್ಲಿ ಎಷ್ಟು ರೂಪಾಯಿಗೆ ಸಿಗುತ್ತದೆ, ಅಲ್ಲಿ ಎಷ್ಟು ಡಾಲರಿಗೆ ಸಿಗುತ್ತದೆ? ಆ ರೂಪಾಯಿಯನ್ನು ಆ ಡಾಲರಿನಿಂದ ಭಾಗಿಸಿ. ಬರುವ ಉತ್ತರಕ್ಕೆ ಪರ್ಚೇಸಿಂಗ್ ಪವರ್ ಪ್ಯಾರಿಟಿ ದರ ಅನ್ನುತ್ತಾರೆ. ಕನ್ನಡದಲ್ಲಿ ಕೊಳ್ಳುವ ಶಕ್ತಿಯ ಸಮಾನತೆ. ಚುಟುಕಾಗಿ ಪಿಪಿಪಿ.

2017ರಲ್ಲಿ ನಾನು ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಆಗ ಡಾಲರಿಗೆ ಸುಮಾರು 65 ರೂಪಾಯಿ. ಹೋದ ಮೂರನೇ ವಾರ ಕೂದಲು ಬೆಳೆದಿತ್ತು. ಅಳಿಯನಿಗೆ ಹೇಳಿದೆ, ಅವನು ಕಾರಿನಲ್ಲಿ ಒಂದು ಕಟಿಂಗ್ ಶಾಪಿಗೆ ಕರೆದುಕೊಂಡು ಹೋದ. ಕೆಲಸ ಹದಿನೈದು ನಿಮಿಷದ್ದು. ಟಿಪ್ಸ್ ಸೇರಿ 20 ಡಾಲರ್. ಅಂದರೆ 1,300 ರೂಪಾಯಿ! ಮೈಸೂರಿನಲ್ಲಿ ನಮ್ಮ ಬೀದಿಯ ಸಲೂನಿನಲ್ಲಿ ಆಗ 80 ರೂಪಾಯಿ ಕೊಡುತ್ತಿದ್ದೆ. ಆ ಹುಡುಗ ಮೇಲೆ ತಲೆಯನ್ನೂ ಒತ್ತಿ ಕಳಿಸುತ್ತಿದ್ದ.

ಮನೆಗೆ ಬಂದು ಕೇಳಿದೆ, "ಅಲ್ಲಪ್ಪ, ಇಬ್ಬರು ಮಕ್ಕಳನ್ನೂ ಕರೆದುಕೊಂಡು ಹೋದರೆ ತಿಂಗಳಿಗೆ 60 ಡಾಲರ್ ಆಯ್ತಲ್ಲ?" ಅಳಿಯ ಮಾತಾಡದೆ ಬಚ್ಚಲಿನ ಕಪಾಟಿನಿಂದ ಒಂದು ಮಷಿನ್ ತಂದು ತೋರಿಸಿದ. ಮಕ್ಕಳ ಕೂದಲನ್ನು ಅವನೇ ಕತ್ತರಿಸುತ್ತಾನೆ. ತಾನು ಮಾತ್ರ ತಿಂಗಳಿಗೊಂದು ಸಲ ಅಂಗಡಿಗೆ ಹೋಗುತ್ತಾನೆ. ಭಾನುವಾರ ಮೊಮ್ಮಕ್ಕಳು ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ, ಕೊರಳಿಗೆ ಹಳೇ ಬೆಡ್‌ಶೀಟ್ ಸುತ್ತಿಕೊಂಡು ಸಾಲಾಗಿ ಕೂತಿದ್ದನ್ನು ನಾನೇ ನೋಡಿದೆ. ಈ ಮಷಿನ್ ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಅವತ್ತು ರಾತ್ರಿಯೇ ಒಂದು ಲೆಕ್ಕ ಬರೆದೆ. ಮೂರೇ ಸಾಮಾನು: ಅಕ್ಕಿ, ಹಾಲು, ಕಟಿಂಗ್. ಬೆಲೆಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ಅಕ್ಕಿ ಕಿಲೋಗೆ ಇಲ್ಲಿ 45 ರೂಪಾಯಿ, ಅಲ್ಲಿ 2 ಡಾಲರ್. ಹಾಲು ಲೀಟರಿಗೆ ಇಲ್ಲಿ 36 ರೂಪಾಯಿ, ಅಲ್ಲಿ 1 ಡಾಲರ್. ಕಟಿಂಗ್ ಇಲ್ಲಿ 80, ಅಲ್ಲಿ 20.

ನಮ್ಮ ಮೈಸೂರಿನ ಮನೆಗೆ ತಿಂಗಳಿಗೆ 20 ಕಿಲೋ ಅಕ್ಕಿ, 20 ಲೀಟರ್ ಹಾಲು, ಮೂವರು ಗಂಡಸರ ಕಟಿಂಗ್ ಅಂತ ಇಟ್ಟುಕೊಳ್ಳೋಣ. ಅಕ್ಕಿಗೆ 900, ಹಾಲಿಗೆ 720, ಕಟಿಂಗ್‌ಗೆ 240. ಒಟ್ಟು 1,860 ರೂಪಾಯಿ. ಇದೇ ಚೀಲ ಅಲ್ಲಿ ತುಂಬಿಸಿದರೆ 40, 20 ಮತ್ತು 60, ಒಟ್ಟು 120 ಡಾಲರ್. 1,860ನ್ನು 120ರಿಂದ ಭಾಗಿಸಿ. ಹದಿನೈದೂವರೆ ಬರುತ್ತದೆ. ಬ್ಯಾಂಕು 65 ಅನ್ನುತ್ತದೆ, ಚೀಲ ಹದಿನೈದೂವರೆ ಅನ್ನುತ್ತದೆ!

ಯಾಕೆ ಇಷ್ಟು ಅಂತರ? ನಮ್ಮ ಬೀದಿಯ ಹುಡುಗ ನ್ಯೂಜೆರ್ಸಿಯವರ ತಲೆ ಕತ್ತರಿಸಲಾರ. ಅಷ್ಟೇ ಕಾರಣ. ಅಕ್ಕಿ ಹಡಗು ಹತ್ತುತ್ತದೆ, ಕಟಿಂಗ್ ಹತ್ತುವುದಿಲ್ಲ. ಅಲ್ಲಿ ಕಾರ್ಖಾನೆ, ಕಂಪನಿಗಳಲ್ಲಿ ಕೂಲಿ ಜಾಸ್ತಿ. ಸಲೂನಿನಲ್ಲಿ ಕಡಿಮೆ ಕೊಟ್ಟರೆ ಕೆಲಸಗಾರ ಆ ಕಡೆ ಹೋಗಿಬಿಡುತ್ತಾನೆ. ಹಾಗಾಗಿ ಅಲ್ಲಿ ಕತ್ತರಿ ಹಿಡಿದವನಿಗೂ ಕೂಲಿ ಜಾಸ್ತಿ. ಕೈಚಳಕ ಇಬ್ಬರದೂ ಒಂದೇ.

ಈಗ ಮಷಿನ್ ವಿಷಯಕ್ಕೆ ಬರೋಣ. ನಾನು ನಮ್ಮ ಮನೆಯ ಚೀಲವನ್ನು ಅಲ್ಲಿ ತುಂಬಿಸಿದೆ. ಆದರೆ ಮಗಳ ಮನೆ ಹಾಗೆ ಬದುಕುತ್ತಿಲ್ಲ, ಅಲ್ವಾ? ಕಟಿಂಗ್ ದುಬಾರಿ, ಅದಕ್ಕೇ ಒಂದೇ. ಹಾಲು ಅಗ್ಗ, ಅದಕ್ಕೇ ತಿಂಗಳಿಗೆ 40 ಲೀಟರ್. ಅಕ್ಕಿ 4 ಕಿಲೋ ಸಾಕು. ಅವರ ಚೀಲಕ್ಕೆ ಅಲ್ಲಿ 8, 40, 20, ಒಟ್ಟು 68 ಡಾಲರ್. ಅದೇ ಚೀಲ ಮೈಸೂರಿನಲ್ಲಿ 180, 1,440, 80, ಒಟ್ಟು 1,700 ರೂಪಾಯಿ. ಭಾಗಿಸಿದರೆ 25!

ಬೆಲೆ ಅವೇ, ಊರುಗಳು ಅವೇ. ಚೀಲ ಬದಲಾಯಿತು, ಹದಿನೈದೂವರೆ ಹೋಗಿ ಇಪ್ಪತ್ತೈದಾಯಿತು. ಎಲ್ಲಿ ಯಾವುದು ಅಗ್ಗವೋ ಅಲ್ಲಿನ ಜನ ಅದನ್ನೇ ಹೆಚ್ಚು ಕೊಳ್ಳುತ್ತಾರೆ. ಹಾಗಾಗಿ ಯಾರ ಚೀಲ ಹಿಡಿದಿರಿ ಅನ್ನುವುದರ ಮೇಲೆ ಉತ್ತರ ನಿಂತಿದೆ. ಲೆಕ್ಕಿಗರು ಎರಡನ್ನೂ ಗುಣಿಸಿ ವರ್ಗಮೂಲ ತೆಗೆದು ನಡುವಿನ ಸಂಖ್ಯೆ ಹಿಡಿಯುತ್ತಾರೆ. ನಮ್ಮ ಲೆಕ್ಕದಲ್ಲಿ ಅದು 20ಕ್ಕೆ ಸ್ವಲ್ಪ ಕಡಿಮೆ. ವಿಶ್ವಬ್ಯಾಂಕಿನ ಮುಂದಾಳತ್ವದಲ್ಲಿ ನೂರಾರು ಬಗೆಯ ಸಾಮಾನು ಮತ್ತು ಸೇವೆಗಳ ಬೆಲೆ ಸೇರಿಸಿ ಮಾಡಿದ ದೊಡ್ಡ ಲೆಕ್ಕದಲ್ಲಿ 2017ಕ್ಕೆ ಭಾರತದ ದರ ಡಾಲರಿಗೆ 20 ರೂಪಾಯಿ 65 ಪೈಸೆ. ನನ್ನ ಮೂರು ಸಾಮಾನಿನ ಲೆಕ್ಕ ಅಷ್ಟು ಹತ್ತಿರ ಬಂದದ್ದು ಆಕಸ್ಮಿಕ, ಅದನ್ನು ನಂಬಬೇಡಿ. ಭಾಗಿಸುವ ವಿಧಾನವನ್ನು ನಂಬಿ.

ಅಮೆರಿಕದ ಹುಡುಗನಿಗೆ ಆಗ ತಿಂಗಳಿಗೆ 4,000 ಡಾಲರ್ ಅಂದುಕೊಳ್ಳಿ. ಬ್ಯಾಂಕಿನ ಲೆಕ್ಕದಲ್ಲಿ 2 ಲಕ್ಷ 60 ಸಾವಿರ. ಚೀಲದ ಲೆಕ್ಕದಲ್ಲಿ 82 ಸಾವಿರ ಚಿಲ್ಲರೆ. ಅವನು ಅಲ್ಲಿ ನಡೆಸುವ ಬದುಕು, ಇಲ್ಲಿ 82 ಸಾವಿರದಲ್ಲಿ ನಡೆಯುವ ಬದುಕಿಗೆ ಹತ್ತಿರ.

ಸಮಯ ಕಡಿಮೆ ಉಳಿದಿದೆ. ಚೀಲ ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ.

ಚೀಲಕ್ಕೆ ಪೆಟ್ರೋಲ್ ಹಾಕಿ ನೋಡಿ. 2017ರಲ್ಲಿ ಇಲ್ಲಿ ಲೀಟರಿಗೆ 70 ರೂಪಾಯಿ ಆಸುಪಾಸು, ಅಲ್ಲಿ ಮುಕ್ಕಾಲು ಡಾಲರಿಗೂ ಕಡಿಮೆ. ಆ ಒಂದು ಸಾಮಾನಿಗೆ ದರ 90 ದಾಟುತ್ತದೆ. ನಮ್ಮ ತೆರಿಗೆ ಜಾಸ್ತಿ, ಅದಕ್ಕೆ. ಇನ್ನು ದೇಶ ಕಚ್ಚಾ ತೈಲ ಕೊಳ್ಳುವಾಗ ಮಾರುವವನು ಚೀಲದ ದರ ಕೇಳುವುದೇ ಇಲ್ಲ. ಆಗ 65 ಅಂದರೆ 65. ಮಗ ಅಲ್ಲಿ ಓದಲು ಹೊರಟರೆ ಕಾಲೇಜಿನ ಫೀಸಿಗೂ ಬ್ಯಾಂಕಿನ ದರವೇ. ಪಿಪಿಪಿ ಲೆಕ್ಕದಲ್ಲಿ ಭಾರತದ ಆರ್ಥಿಕತೆ ಜಗತ್ತಿನಲ್ಲಿ ಮೂರನೆಯದು ಅಂತ ಪೇಪರಿನಲ್ಲಿ ಓದಿದಾಗ ಇದು ನೆನಪಿರಲಿ. ದೇಶದೊಳಗೆ ಎಷ್ಟು ಸಾಮಾನು, ಎಷ್ಟು ಸೇವೆ ತಯಾರಾಗುತ್ತದೆ ಅನ್ನುವ ಮಾತು ಅದು. ಹೊರಗಿನಿಂದ ಎಷ್ಟು ಕೊಳ್ಳಬಲ್ಲೆವು ಅನ್ನುವುದಲ್ಲ.

ಇನ್ನೊಂದು. ಇಡೀ ಭಾರತಕ್ಕೆ ಒಂದೇ ಸಂಖ್ಯೆ. ಬೆಂಗಳೂರಿನಲ್ಲಿ ಮನೆ ಬಾಡಿಗೆ ಕಟ್ಟುವವರ ಚೀಲವೂ ಚಾಮರಾಜನಗರದ ಹಳ್ಳಿಯ ಸ್ವಂತ ಮನೆಯವರ ಚೀಲವೂ ಒಂದೇ ಆಗಲು ಸಾಧ್ಯವಿಲ್ಲ.

ಹಾಗಾದರೆ ಆ ಹುಡುಗನ ಸಂಬಳವನ್ನು ಗುಣಿಸಲೇಬಾರದಾ? ಒಂದು ಭಾಗವನ್ನು ಗುಣಿಸಬಹುದು. ಅಲ್ಲಿ ಬಾಡಿಗೆ, ಊಟ, ಕಟಿಂಗ್ ಎಲ್ಲ ಕಳೆದು ತಿಂಗಳಿಗೆ 500 ಡಾಲರ್ ಉಳಿಸಿ ಅಮ್ಮನ ಖಾತೆಗೆ ಕಳಿಸಿದರೆ, ಆ 500ನ್ನು ಮಾತ್ರ ಆಗಿನ 65ರಿಂದ ಗುಣಿಸಿ. 32,500 ರೂಪಾಯಿ. ಆ ದುಡ್ಡು ಖರ್ಚಾಗುವುದು ಮೈಸೂರಿನ ಸಂತೆಯಲ್ಲಿ. ಉಳಿದ 3,500 ಡಾಲರ್ ನ್ಯೂಜೆರ್ಸಿಯ ಚೀಲಕ್ಕೆ ಹೋಯಿತು. ಅದನ್ನು ಅಲ್ಲಿನ ಬೆಲೆಯಲ್ಲೇ ನೋಡಿ.

ನಮಸ್ಕಾರ.