‘ಯಾವಾಗ ಬೇಕಾದರೂ ಸೇರುತ್ತೇನೆ’ ಎನ್ನಬೇಡಿ

ನಮಸ್ಕಾರ. ಹಾಸನದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಬೆಂಗಳೂರಿನಿಂದ ಇಂಟರ್ನ್‌ಶಿಪ್‌ಗೆ ಕರೆ ಬಂತು ಎಂದುಕೊಳ್ಳಿ. ಕರೆ ಮಾಡಿದ ಎಚ್‌ಆರ್ ಮೂರು ಪ್ರಶ್ನೆ ಕೇಳುತ್ತಾರೆ: ಯಾವಾಗ ಸೇರಬಹುದು, ಸ್ಟೈಪೆಂಡ್ ಎಷ್ಟು ನಿರೀಕ್ಷಿಸುತ್ತೀರಿ, ಬೆಂಗಳೂರಿಗೆ ಬರಲು ಒಪ್ಪಿಗೆಯೇ. ಹುಡುಗ ‘ಯಾವಾಗ ಬೇಕಾದರೂ ಸರಿ, ನೀವು ಕೊಟ್ಟಷ್ಟು ಕೊಡಿ, ಎಲ್ಲಿಗೆ ಬೇಕಾದರೂ ಬರುತ್ತೇನೆ’ ಎನ್ನುತ್ತಾನೆ. ಇದು ವಿನಯವೆಂದು ನಮ್ಮ ಮಕ್ಕಳು ನಂಬಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ ಕರೆಯಲ್ಲಿ ಕೊಡಬಹುದಾದ ಅತ್ಯಂತ ದುರ್ಬಲ ಉತ್ತರ ಇದೇ.

ಕಾರಣ ಸರಳವಾಗಿದೆ. ಆ ಕರೆ ನಿಮ್ಮ ಕೋಡಿಂಗ್ ಜ್ಞಾನವನ್ನು ಅಳೆಯಲು ಬಂದದ್ದಲ್ಲ. ಎದುರಿಗಿರುವವರ ಮುಂದೆ ಹತ್ತಾರು ಹೆಸರುಗಳ ಪಟ್ಟಿಯಿರುತ್ತದೆ, ಪ್ರತಿ ಹೆಸರಿನ ಮುಂದೆ ಸೇರುವ ದಿನಾಂಕ, ಹಣ ಮತ್ತು ಊರನ್ನು ಬರೆಯುವ ಖಾಲಿ ಜಾಗವಿರುತ್ತದೆ. ‘ಯಾವಾಗ ಬೇಕಾದರೂ’ ಎಂಬ ಮಾತನ್ನು ಅಲ್ಲಿ ಬರೆಯಲು ಬರುವುದಿಲ್ಲ. ಹಾಗಾಗಿ ಅವರು ‘ಹಾಗಾದರೆ ಬರುವ ಸೋಮವಾರ ಬನ್ನಿ’ ಎನ್ನುತ್ತಾರೆ, ಆಗ ಹುಡುಗನಿಗೆ ಸೆಮಿಸ್ಟರ್ ಪರೀಕ್ಷೆ ನೆನಪಾಗುತ್ತದೆ. ಒಂದು ನಿಮಿಷದ ಹಿಂದೆ ಹೇಳಿದ್ದನ್ನು ತಾನೇ ಹಿಂತೆಗೆದುಕೊಂಡ ಅಭ್ಯರ್ಥಿ ಎಂಬುದಷ್ಟೇ ಅವರ ಮನಸ್ಸಿನಲ್ಲಿ ಉಳಿಯುತ್ತದೆ.

ಅದರ ಬದಲು ಅವನು ಹೀಗೆ ಹೇಳಲಿ: ‘ಜನವರಿ ಕೊನೆಗೆ ನನ್ನ ಪರೀಕ್ಷೆ ಮುಗಿಯುತ್ತದೆ, ಫೆಬ್ರವರಿ 2ರಿಂದ ಜುಲೈ 31ರವರೆಗೆ ಪೂರ್ಣಾವಧಿ ಕೆಲಸ ಮಾಡಬಲ್ಲೆ, ನಡುವೆ ಪ್ರಾಜೆಕ್ಟ್ ಮೌಲ್ಯಮಾಪನಕ್ಕಾಗಿ ಎರಡು ದಿನ ಕಾಲೇಜಿಗೆ ಹೋಗಬೇಕಾಗುತ್ತದೆ, ಕಾಲೇಜಿನ ಎನ್‌ಒಸಿ ಒಂದು ವಾರದಲ್ಲಿ ಸಿಗುತ್ತದೆ.’ ಎರಡು ದಿನದ ರಜೆಯನ್ನು ಮೊದಲೇ ಹೇಳಿದರೆ ಅವಕಾಶ ತಪ್ಪೀತೆಂಬ ಭಯ ಬೇಡ. ಕೆಲಸಕ್ಕೆ ಸೇರಿದ ಮೇಲೆ ಹೇಳಿದಾಗಲೇ ಅದು ದೊಡ್ಡ ವಿಷಯವಾಗುವುದು. ಎನ್‌ಒಸಿ ಎಷ್ಟು ದಿನ ಹಿಡಿಯುತ್ತದೆಂದು ಕಾಲೇಜು ಕಚೇರಿಯಲ್ಲಿ ವಿಚಾರಿಸಿಯೇ ಈ ಮಾತು ಆಡಬೇಕು.

ಇನ್ನು ಹಣದ ಮಾತು; ಹೆಚ್ಚಿನವರು ಎಡವುವುದು ಇಲ್ಲಿಯೇ. ಅಂಕಿ ಹೇಳುವ ಮೊದಲು ‘ಈ ಹುದ್ದೆಗೆ ನಿಗದಿಯಾದ ಮೊತ್ತವಿದೆಯೇ?’ ಎಂದು ಕೇಳುವುದರಲ್ಲಿ ತಪ್ಪಿಲ್ಲ, ಏಕೆಂದರೆ ಇಂಟರ್ನ್‌ಗಳ ಸ್ಟೈಪೆಂಡನ್ನು ಎಷ್ಟೋ ಕಡೆ ಮೊದಲೇ ಗೊತ್ತುಮಾಡಿರುತ್ತಾರೆ. ‘ನೀವೇ ಹೇಳಿ’ ಎಂದು ಅವರು ಪಟ್ಟು ಹಿಡಿದರೆ ನಿಮ್ಮಲ್ಲಿ ಲೆಕ್ಕ ಸಿದ್ಧವಿರಬೇಕು. ನಮ್ಮ ಹುಡುಗ ವಿಚಾರಿಸಿದ ಪಿಜಿಯಲ್ಲಿ ಇಬ್ಬರು ಹಂಚಿಕೊಳ್ಳುವ ಕೋಣೆಗೆ ಊಟ ಸೇರಿ 9,000 ರೂಪಾಯಿ, ಓಡಾಟಕ್ಕೆ 1,500, ಇತರ ಖರ್ಚಿಗೆ 2,500 ಎಂದಿಟ್ಟುಕೊಂಡರೆ ತಿಂಗಳಿಗೆ 13,000 ಆಗುತ್ತದೆ. ‘15,000 ನಿರೀಕ್ಷಿಸುತ್ತೇನೆ, 13,000ಕ್ಕಿಂತ ಕಡಿಮೆಯಾದರೆ ಮನೆಯಿಂದ ಹಣ ತರಿಸಬೇಕಾಗುತ್ತದೆ’ ಎಂದು ಅವನು ಸಂಕೋಚವಿಲ್ಲದೆ ಹೇಳಬಹುದು.

ಮೊತ್ತದಷ್ಟೇ ಮುಖ್ಯವಾದದ್ದು ಅದು ಕೈಗೆ ಬರುವ ದಿನ. ಫೆಬ್ರವರಿಯ ಸ್ಟೈಪೆಂಡ್ ಮಾರ್ಚ್ ಮೊದಲ ವಾರದಲ್ಲಿ ಬರುವುದಾದರೆ, ಮೊದಲ ತಿಂಗಳ ಖರ್ಚನ್ನೂ ಪಿಜಿಯ ಮುಂಗಡವನ್ನೂ ಮನೆಯವರೇ ಹೊಂದಿಸಬೇಕಾಗುತ್ತದೆ, ಇದು ಅವರಿಗೆ ಮೊದಲೇ ತಿಳಿದಿರಲಿ. ಕೆಲವು ಕಂಪನಿಗಳು ಶೇ 10ರಷ್ಟು ತೆರಿಗೆ ಮುರಿದುಕೊಂಡು ಕೊಡುತ್ತವೆ. ಒಟ್ಟು ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ಮರಳಿ ಪಡೆಯಬಹುದು, ಆದರೆ ಅದು ಪ್ರತಿ ತಿಂಗಳು ಕೈಗೆ ಸಿಗುವ ಹಣವಲ್ಲ. ತರಬೇತಿ ಶುಲ್ಕ, ನೋಂದಣಿ ಶುಲ್ಕ ಎಂದು ನಿಮ್ಮಿಂದಲೇ ಹಣ ಕೇಳಿದರೆ ಮಾತನ್ನು ಅಲ್ಲಿಗೇ ನಿಲ್ಲಿಸಿ.

ಸ್ಥಳದ ಪ್ರಶ್ನೆಗೆ ‘ಬೆಂಗಳೂರು ಸರಿ’ ಎಂದರೆ ಸಾಲದು. ಯಾವ ಬಡಾವಣೆಯ ಕಚೇರಿ, ವಾರಕ್ಕೆ ಎಷ್ಟು ದಿನ ಹೋಗಬೇಕು, ನಡುವೆ ಬೇರೆ ಕಡೆಗೆ ಕಳುಹಿಸುತ್ತಾರೆಯೇ ಎಂದು ಕೇಳಬೇಕು. ಹುಡುಗನಿಗೆ ಯಶವಂತಪುರದಲ್ಲಿ ಚಿಕ್ಕಪ್ಪನ ಮನೆಯಿದೆ ಎಂದಿಟ್ಟುಕೊಳ್ಳಿ. ಕಚೇರಿ ವೈಟ್‌ಫೀಲ್ಡ್‌ನಲ್ಲಿದ್ದರೆ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ನೇರಳೆ ಮಾರ್ಗ ಹಿಡಿಯಬೇಕು. ಎಲೆಕ್ಟ್ರಾನಿಕ್ ಸಿಟಿಯಾದರೆ ಆರ್.ವಿ. ರಸ್ತೆಯಲ್ಲಿ ಇಳಿದು, 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗಕ್ಕೆ ಬದಲಿಸಬೇಕು. ವಾರಕ್ಕೆ ಎರಡೇ ದಿನವಾದರೆ ಚಿಕ್ಕಪ್ಪನ ಮನೆಯಿಂದ ಓಡಾಡಬಹುದು, ಐದು ದಿನವಾದರೆ ಕಚೇರಿಯ ಹತ್ತಿರ ಪಿಜಿ ಹಿಡಿಯುವುದೇ ಸರಿ. ಅಂದರೆ ಸ್ಥಳದ ಉತ್ತರ ತಿಳಿಯುವವರೆಗೆ ಹಣದ ಲೆಕ್ಕವೂ ಪೂರ್ಣವಾಗುವುದಿಲ್ಲ, ಹಾಗಾಗಿ ಸ್ಥಳವನ್ನು ಮೊದಲು ವಿಚಾರಿಸಿ, ಆಮೇಲೆ ಅಂಕಿ ಹೇಳುವುದು ಒಳ್ಳೆಯದು.

ಇಷ್ಟನ್ನೂ ಬಸ್ಸಿನ ಹಾರ್ನ್‌ಗಳ ನಡುವೆ ಮಾತನಾಡಲು ಆಗುವುದಿಲ್ಲ. ‘ಈಗ ಬಸ್ ನಿಲ್ದಾಣದಲ್ಲಿದ್ದೇನೆ ಮೇಡಂ, ಸಂಜೆ ನಾಲ್ಕಕ್ಕೆ ನಾನೇ ಕರೆ ಮಾಡಬಹುದೇ?’ ಎಂದು ಕೇಳಿ, ಅವರ ಹೆಸರನ್ನೂ ಕಂಪನಿಯ ಹೆಸರನ್ನೂ ಬರೆದುಕೊಂಡು, ಹೇಳಿದ ಹೊತ್ತಿಗೆ ತಪ್ಪದೆ ಕರೆ ಮಾಡಿ. ಮಾತು ಮುಗಿದ ದಿನವೇ ದಿನಾಂಕ, ಮೊತ್ತ, ಕಚೇರಿಯ ಸ್ಥಳ ಇವಿಷ್ಟನ್ನೂ ನಾಲ್ಕು ಸಾಲಿನ ಇಮೇಲ್‌ನಲ್ಲಿ ಅವರಿಗೆ ಬರೆದು ಕಳುಹಿಸಿ. ಆಫರ್ ಲೆಟರ್ ಬಂದಾಗ ಪಕ್ಕದಲ್ಲಿಟ್ಟು ಹೋಲಿಸಿ ನೋಡಲು ನಿಮ್ಮ ಬಳಿ ಇರುವ ಕಾಗದ ಅದೊಂದೇ.