ಬ್ರೇಕಿನ ಕೆಳಗೆ ಸಿಕ್ಕ ಚಪ್ಪಲಿ

ಕೇಳುಗರಿಗೆ ನಮಸ್ಕಾರ. ನಾನು ಕಲಬುರಗಿಯಲ್ಲಿ ಬಾಡಿಗೆ ಕಾರು ಓಡಿಸುವವ.

ಒಂದು ಮೇ ತಿಂಗಳ ಮಧ್ಯಾಹ್ನ ಬೀದರಿನಿಂದ ವಾಪಸು ಬರುತ್ತಿದ್ದೆ. ಸುಡುಬಿಸಿಲು, ಕಾಲಲ್ಲಿ ಹವಾಯಿ ಚಪ್ಪಲಿ. ಹುಮನಾಬಾದ್ ದಾಟಿ ಕಮಲಾಪುರದ ಹತ್ತಿರ ಬಂದಾಗ ಎಮ್ಮೆಗಳ ಹಿಂಡು ರಸ್ತೆಗೆ ಇಳಿಯಿತು. ಎಕ್ಸಿಲೇಟರಿನಿಂದ ಕಾಲೆತ್ತಿ ಬ್ರೇಕಿನ ಮೇಲಿಟ್ಟೆ, ಕಾಲು ಬಂತು, ಚಪ್ಪಲಿ ಬರಲಿಲ್ಲ. ಅದು ಜಾರಿ ಬ್ರೇಕ್ ಪೆಡಲಿನ ಹಿಂದೆ ಬಿದ್ದಿತ್ತು. ಒತ್ತಿದರೆ ಪೆಡಲ್ ಅರ್ಧಕ್ಕೇ ನಿಂತಿತು, ಕೆಳಗೆ ಇಟ್ಟಂಗಿ ಇಟ್ಟಹಾಂಗ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದೇ ಸೆಕೆಂಡಿಗೆ 16-17 ಮೀಟರ್ ಮುಂದೆ ಹೋಗಿರುತ್ತದೆ. ಬಗ್ಗಿ ಚಪ್ಪಲಿ ತೆಗೆಯಲು ಹೋಗಲಿಲ್ಲ, ಅದೇ ಪುಣ್ಯ. ಗೇರು ಒಂದೊಂದೇ ಇಳಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆಯುತ್ತಾ ರಸ್ತೆಯ ಪಕ್ಕದ ಮಣ್ಣಿಗೆ ಇಳಿಸಿದೆ. ಎಮ್ಮೆಗಳು ತಿರುಗಿಯೂ ನೋಡಲಿಲ್ಲ.

ಚಪ್ಪಲಿ ಯಾಕೆ ಹೀಗೆ ಮಾಡುತ್ತದೆ? ಕಾರು ಓಡಿಸುವಾಗ ಹಿಮ್ಮಡಿ ನೆಲದ ಮೇಲೆ, ಬ್ರೇಕಿನ ನೇರಕ್ಕೆ ಊರಿರುತ್ತದೆ. ಅದು ಬಾಗಿಲಿನ ತಿರುಗಣಿ ಇದ್ದ ಹಾಗೆ. ಪಾದದ ಮುಂಭಾಗ ಮಾತ್ರ ಆಚೆ ಈಚೆ ತಿರುಗುತ್ತದೆ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿಯಲ್ಲಿ ಹಿಮ್ಮಡಿ ಒಂದು ಕಡೆ, ಅಟ್ಟೆ ಇನ್ನೊಂದು ಕಡೆ. ತಿರುಗುವಾಗ ಅಟ್ಟೆಯ ತುದಿ ಮಡಚಿಕೊಂಡು ಪೆಡಲಿಗೆ ಸಿಕ್ಕಿಕೊಳ್ಳುತ್ತದೆ.

ಬೂಟಿನದು ಬೇರೆ ಕಥೆ. ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯ ಪಾಳಿ ಮುಗಿಸಿದವರು ಸೇಫ್ಟಿ ಬೂಟಿನಲ್ಲೇ ಕಾರು ಹತ್ತುತ್ತಾರೆ. ಆ ಅಟ್ಟೆ ದಪ್ಪ, ತುದಿಯಲ್ಲಿ ಉಕ್ಕು, ಕಣಕಾಲು ಬಿಗಿ. ಕಣಕಾಲು ಬಾಗದಿದ್ದರೆ ಇಡೀ ಕಾಲನ್ನೇ ಎತ್ತಿ ಇಡಬೇಕಾಗುತ್ತದೆ, ಒತ್ತಡ ಒಮ್ಮೆಲೇ ಬೀಳುತ್ತದೆ. ಅಗಲ ಬೂಟಿನ ಅಂಚು ಬ್ರೇಕಿನ ಜೊತೆ ಎಕ್ಸಿಲೇಟರನ್ನೂ ಒತ್ತಬಹುದು. ಕ್ಲಚ್ ಹಿಡಿಯುವಾಗ ಪಾದಕ್ಕೆ ಬರುವ ಸಣ್ಣ ನಡುಕ ದಪ್ಪ ಅಟ್ಟೆಯೊಳಗೆ ತಿಳಿಯುವುದೇ ಇಲ್ಲ. ಕಾಲು ಅರ್ಧ ಕ್ಲಚ್ಚಿನ ಮೇಲೆ ಉಳಿದು, ಸುಟ್ಟ ವಾಸನೆ ಬಂದ ಮೇಲೆಯೇ ಗೊತ್ತಾಗುತ್ತದೆ.

ಬರಿಗಾಲೂ ಅಷ್ಟಕ್ಕಷ್ಟೇ. ಬೇಸಿಗೆಯಲ್ಲಿ ಬೆವರಿಗೆ ಪಾದ ಜಾರುತ್ತದೆ, ಜೋರಾಗಿ ಬ್ರೇಕ್ ಒತ್ತಿದರೆ ಅಂಗಾಲು ನೋಯುತ್ತದೆ.

ನಾನು ಈಗ ಹೊರಡುವ ಮೊದಲು ಎಂಜಿನ್ ಬಂದ್ ಇಟ್ಟು, ಕೆಳಗೆ ನೋಡದೆ ಹತ್ತು ಸಲ ಬ್ರೇಕಿನಿಂದ ಎಕ್ಸಿಲೇಟರಿಗೆ ಪಾದ ತಿರುಗಿಸುತ್ತೇನೆ. ಹಿಮ್ಮಡಿ ಬೂಟಿನೊಳಗೆ ಅಲ್ಲಾಡಿದರೂ, ಅಂಚು ಎಲ್ಲಾದರೂ ತಾಗಿದರೂ ಅದು ಗಾಡಿಯ ಬೂಟಲ್ಲ. ತೆಳು ಅಟ್ಟೆಯ, ಲೇಸು ಕಟ್ಟುವ ಕ್ಯಾನ್ವಾಸ್ ಬೂಟು ನನಗೆ ಹೊಂದಿದೆ. ಬಿಚ್ಚಿದ ಚಪ್ಪಲಿಯನ್ನು ನನ್ನ ಸೀಟಿನ ಕೆಳಗೆ ಇಡುವುದಿಲ್ಲ, ಬ್ರೇಕ್ ಹಾಕಿದರೆ ಅದು ಮತ್ತೆ ಮುಂದೆ ಉರುಳಿ ಅಲ್ಲಿಗೇ ಬರುತ್ತದೆ. ಡಿಕ್ಕಿಗೆ ಹಾಕುತ್ತೇನೆ.