ಮೂರು ವಾರ ಕಳೆದರೂ ಮಾಯದ ಬಾಯಿ ಹುಣ್ಣು: ಬಯಾಪ್ಸಿ ಯಾವಾಗ ಬೇಕು?

ನಮಸ್ಕಾರ. ಸಾಗರದ ಕಡೆಯಿಂದ ನೋಡುಗರೊಬ್ಬರು ಕೇಳಿದ್ದಾರೆ: "ನಾಲಿಗೆ ಪಕ್ಕದಲ್ಲಿ ಹುಣ್ಣಾಗಿ ತಿಂಗಳಾಯ್ತು. ನೋವಂತೂ ಇಲ್ಲ, ಹಾಗಾಗಿ ಬಿಟ್ಟಿದ್ದೀನಿ. ಪರವಾಗಿಲ್ವಾ?" ಇಲ್ಲ, ಹಾಗೆ ಬಿಡಬಾರದು. ಆ "ನೋವಿಲ್ಲ" ಅನ್ನೋ ಮಾತಿಗೇ ಈ ವಿಡಿಯೋ ಮಾಡ್ತಿರೋದು.

ಸಾಮಾನ್ಯ ಹುಣ್ಣು ಎಲ್ಲರಿಗೂ ಗೊತ್ತು. ಮೇಲೆ ಬಿಳಿ ಪೊರೆ, ಸುತ್ತ ಕೆಂಪು, ಸಾರು ತಾಗಿದರೆ ಉರಿ. 7ರಿಂದ 14 ದಿನದಲ್ಲಿ ಮಾಯುತ್ತೆ. ಒಂದು ಸೆಂಟಿಮೀಟರಿಗಿಂತ ದೊಡ್ಡದಾದರೆ ಕೆಲವು ವಾರ ಹಿಡಿಯಬಹುದು. ಪದೇಪದೇ ಬರ್ತಿದ್ರೆ ಕಬ್ಬಿಣ, ಬಿ12, ಫೋಲಿಕ್ ಆಸಿಡ್ ಕಮ್ಮಿ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಬೇಕು. ಇವು ಇವತ್ತು ಇಲ್ಲಿ, ನಾಳೆ ಅಲ್ಲಿ ಆಗೋ ಹುಣ್ಣುಗಳು. ನಮಗೆ ಯೋಚನೆ ಇರೋದು ಮೂರು ವಾರ ಕಳೆದರೂ ಒಂದೇ ಜಾಗ ಹಿಡಿದು ಕೂತಿರೋ ಹುಣ್ಣಿನ ಬಗ್ಗೆ.

[ದೃಶ್ಯ: ಕೆಳದವಡೆಯ ಮುರಿದ ಹಲ್ಲು, ಪಕ್ಕದಲ್ಲಿ ನಾಲಿಗೆಯ ಅಂಚು]

ತೀರ್ಥಹಳ್ಳಿ ಕಡೆಯ ಐವತ್ತು ದಾಟಿದ ಅಡಿಕೆ ಬೆಳೆಗಾರರೊಬ್ಬರು ಅಂತ ಇಟ್ಕೊಳ್ಳಿ. ದಿನಕ್ಕೆ ಏಳೆಂಟು ಸಲ ಕವಳ ಹಾಕ್ತಾರೆ, ಹೊಗೆಸೊಪ್ಪು ಸೇರಿಸಿಯೇ. ಎಡಗಡೆ ಕೆಳಗಿನ ದವಡೆ ಹಲ್ಲು ಮುರಿದು ಚೂಪಾಗಿದೆ, ಅದರ ಎದುರಿಗೇ ನಾಲಿಗೆಯ ಅಂಚಿನಲ್ಲಿ ಹುಣ್ಣು. "ಹಲ್ಲು ಚುಚ್ಚಿ ಆಗಿದ್ದು" ಅಂತಾರೆ. ಇರಬಹುದು. ಹಲ್ಲು ಚುಚ್ಚಿ, ಕಟ್ಟಿಸಿಕೊಂಡ ಹಲ್ಲಿನ ಸೆಟ್ ಒತ್ತಿ ಆಗೋ ಹುಣ್ಣುಗಳು ಬಹಳ. ಆದರೆ ಕ್ಯಾನ್ಸರ್ ಕೂಡ ನಾಲಿಗೆಯ ಅದೇ ಅಂಚಲ್ಲಿ ಹೆಚ್ಚಾಗಿ ಬರುತ್ತೆ. ಹಾಗಾಗಿ ಊಹೆ ಬೇಡ, ಪರೀಕ್ಷೆ ಮಾಡಿ ನೋಡೋಣ.

ದಂತವೈದ್ಯರು ಆ ಚೂಪನ್ನು ಉಜ್ಜಿ ನಯ ಮಾಡ್ತಾರೆ, ಇಲ್ಲ ಹಲ್ಲನ್ನೇ ಕೀಳ್ತಾರೆ. ಆಮೇಲೆ ಎರಡು ವಾರ ಕಾಯೋದು. ಚುಚ್ಚೋದು ನಿಂತ ಮೇಲೆ ಹುಣ್ಣು ಮಾಯಲೇಬೇಕು. ಎರಡು ವಾರಕ್ಕೆ ಮಾಯದಿದ್ರೆ ಹಲ್ಲಿನ ಮೇಲೆ ತಪ್ಪು ಹೊರಿಸೋದು ಬಿಟ್ಟು ಬಯಾಪ್ಸಿ, ಅಂದ್ರೆ ಹುಣ್ಣಿನ ಸಣ್ಣ ತುಂಡು ತೆಗೆದು ಪರೀಕ್ಷೆ, ಮಾಡಿಸಬೇಕು. ಈ ಎರಡನೇ ಭೇಟಿಯೇ ತಪ್ಪಿಹೋಗೋದು. ಕೊಯ್ಲು, ಮಳೆ ಅಂತ ಜನ ವಾಪಸ್ ಹೋಗಲ್ಲ. ಅದರ ಬದಲು ಅಂಗಡಿಯ ಮುಲಾಮು ಹಚ್ಕೊಂಡು ತಿಂಗಳುಗಟ್ಟಲೆ ದೂಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಲ್ಲು ಸರಿ ಮಾಡಿಸಿದ ದಿನವೇ ಮುಂದಿನ ತಾರೀಖು ಬರೆಸ್ಕೊಳ್ಳಿ.

ಮೊದಲ ಭೇಟಿಯಲ್ಲೇ ಸಂಶಯ ಬಂದ್ರೆ ಎರಡು ವಾರ ಕಾಯೋದೂ ಇಲ್ಲ. ಆ ಸಂಶಯ ಹೆಚ್ಚಾಗಿ ಬರೋದು ಬೆರಳಿನಿಂದ. ವೈದ್ಯರು ಗ್ಲೌಸ್ ಹಾಕಿ ಹುಣ್ಣಿನ ಅಂಚನ್ನು ಎರಡು ಬೆರಳ ಮಧ್ಯೆ ಹಿಡಿದು ಒತ್ತಿ ನೋಡ್ತಾರೆ. ಸಾಮಾನ್ಯ ಹುಣ್ಣು ಮೆತ್ತಗಿರುತ್ತೆ, ಮುಟ್ಟಿದರೆ ನೀವು ಕಿರುಚ್ತೀರಿ. ಕ್ಯಾನ್ಸರ್ ಹುಣ್ಣಿನ ಬುಡ ಗಟ್ಟಿ, ಒದ್ದೆ ಬಟ್ಟೆಯೊಳಗೆ ಅಡಿಕೆ ಹೋಳಿಟ್ಟು ಅದುಮಿದ ಹಾಗೆ. ಅಂಚು ಉಬ್ಬಿ ಹೊರಕ್ಕೆ ಮಗುಚಿರುತ್ತೆ. ಶುರುವಿನಲ್ಲಿ ಎಷ್ಟೋ ಸಲ ನೋವೇ ಇರಲ್ಲ. ನೋವಿದ್ರೆ ಕ್ಯಾನ್ಸರ್ ಅಲ್ಲ ಅಂತಲೂ ತಿಳ್ಕೋಬೇಡಿ, ಬೆಳೆದ ಮೇಲೆ ಅದೂ ನೋಯುತ್ತೆ, ಕಿವಿವರೆಗೂ ಎಳೆಯುತ್ತೆ.

[ದೃಶ್ಯ: ಹುಣ್ಣಿನ ಚಿತ್ರ, ಅಂಚಿನಲ್ಲಿ ತುಂಡು ತೆಗೆಯುವ ಜಾಗಕ್ಕೆ ಗುರುತು]

ಬಯಾಪ್ಸಿಗೆ ಹುಣ್ಣಿನ ನಟ್ಟನಡುವೆ ಕತ್ತರಿಸಲ್ಲ. ಅಲ್ಲಿ ಸತ್ತ ಅಂಗಾಂಶವೇ ತುಂಬಿರುತ್ತೆ, ಅದರಿಂದ ಏನೂ ತಿಳಿಯಲ್ಲ. ಅಂಚಿನಿಂದ, ಪಕ್ಕದ ಒಳ್ಳೆ ಚರ್ಮವೂ ಸ್ವಲ್ಪ ಸೇರೋ ಹಾಗೆ, ಆಳವಾಗಿ ಸಣ್ಣ ತುಂಡು ತೆಗೀತಾರೆ. ಕಾಯಿಲೆ ಕೆಳಕ್ಕೆ ಇಳಿದಿದೆಯಾ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಬೇಕಲ್ಲ, ತೆಳ್ಳಗೆ ಕೆರೆದರೆ ಅದು ಕಾಣಲ್ಲ. ಮರಗಟ್ಟಿಸೋ ಇಂಜೆಕ್ಷನ್, ಒಂದೆರಡು ಹೊಲಿಗೆ, ಅದೇ ದಿನ ಮನೆಗೆ. ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ತಿದ್ರೆ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ. "ಚಾಕು ತಾಗಿದ್ರೆ ಹರಡುತ್ತೆ" ಅನ್ನೋ ಮಾತು ನಮ್ಮ ಊರುಗಳಲ್ಲಿ ಬಹಳ ಇದೆ. ಆ ಭಯಕ್ಕೆ ತಡ ಮಾಡಿದಷ್ಟೂ ಕಾಯಿಲೆ ಬೆಳೆಯುತ್ತೆ. ರಿಪೋರ್ಟಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂದು ಹುಣ್ಣು ಹಾಗೇ ಗಟ್ಟಿಯಾಗಿ ಉಳಿದಿದ್ರೆ, ಇನ್ನೊಮ್ಮೆ ತುಂಡು ತೆಗೆಸಿ.

ಸಮಯ ಆಯ್ತು, ಉಳಿದಿದ್ದು ಬೇಗ ಹೇಳ್ತೀನಿ. ಕುತ್ತಿಗೆಯಲ್ಲಿ ಗಂಟು, ಕಾರಣವಿಲ್ಲದೆ ಅಲುಗಾಡೋ ಹಲ್ಲು, ತುಟಿ ಜೋಮು, ಮಾಯದ ಕೆಂಪು ಮಚ್ಚೆ, ಇದರಲ್ಲಿ ಒಂದಿದ್ರೂ ಮೂರು ವಾರ ಎಣಿಸಬೇಡಿ. ಬಾಯಿ ತೆರೆದಾಗ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಹಿಡಿಸದಿದ್ರೂ ತೋರಿಸಿ, ಅದು ಅಡಿಕೆಯಿಂದ ಕೆನ್ನೆ ಬಿಗಿದಿರೋದು ಇರಬಹುದು. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಗುರುತಿಸಿದೆ. ಅಡಿಕೆಯಲ್ಲೇ ಬದುಕೋ ನಮಗೆ ಕಹಿ ಮಾತು, ಆದರೆ ಮುಚ್ಚಿಡೋದು ತಪ್ಪು.

ಶಿವಮೊಗ್ಗದವರು ಮೆಗ್ಗಾನ್ ಆಸ್ಪತ್ರೆಯ ದಂತ ವಿಭಾಗಕ್ಕೋ ಕಿವಿ-ಮೂಗು-ಗಂಟಲು ವಿಭಾಗಕ್ಕೋ ಹೋಗಿ. ಹುಣ್ಣು ಶುರುವಾದ ದಿನ, ಹಚ್ಚಿದ ಮುಲಾಮು, ದಿನಕ್ಕೆಷ್ಟು ಕವಳ ಅನ್ನೋದನ್ನ ಚೀಟಿಯಲ್ಲಿ ಬರ್ಕೊಂಡು ಹೋಗಿ.